ಶಾಲಾ ಬಸ್ಸಿನ ಮಾರ್ಗ: ದೂರ ಮತ್ತು ವೇಳೆಯ ಅಂದಾಜು

ಮುಂಬಯಿಯಲ್ಲಿ ಶಾಲೆಗಳು ಜೂನ್ ತಿಂಗಳಲ್ಲಿ ಆರಂಭವಾಗುತ್ತವೆ. ಅದಕ್ಕೆ ಮುನ್ನ, ಮೇ ತಿಂಗಳ ಬಿಸಿಲಿನಲ್ಲಿ, ಬಸ್ಸಿನ ವ್ಯವಸ್ಥೆಯನ್ನು ಹೊತ್ತವರ ಮೇಜಿನ ಮೇಲೆ ಮಕ್ಕಳ ವಿಳಾಸಗಳ ಒಂದು ಪಟ್ಟಿ ಬಂದು ಬೀಳುತ್ತದೆ. ಬಸ್ಸು ದಿನಕ್ಕೆ ಎಷ್ಟು ಕಿಲೋಮೀಟರ್ ಓಡಬೇಕು, ಮೊದಲ ಮಗು ಎಷ್ಟು ಗಂಟೆಗೆ ಬಾಗಿಲಲ್ಲಿ ನಿಲ್ಲಬೇಕು, ಒಂದೇ ಬಸ್ಸು ಸಾಕೇ ಎಂಬ ಮೂರು ಪ್ರಶ್ನೆಗಳಿಗೆ ಅದೇ ವಾರದಲ್ಲಿ ಉತ್ತರ ಹೇಳಬೇಕಾಗುತ್ತದೆ. ಸಾಮಾನ್ಯವಾಗಿ ಈ ಉತ್ತರವನ್ನು ಚಾಲಕನ ಅನುಭವಕ್ಕೆ ಬಿಟ್ಟುಬಿಡುತ್ತಾರೆ. ಆದರೆ ಕಾಗದ, ಪೆನ್ಸಿಲು ಮತ್ತು ಒಂದು ನಕ್ಷೆ ಇದ್ದರೆ ಅರ್ಧ ದಿನದಲ್ಲಿ ನಂಬಲರ್ಹವಾದ ಅಂದಾಜನ್ನು ಯಾರಾದರೂ ಮಾಡಬಹುದು. ಆ ಲೆಕ್ಕದ ಕ್ರಮವನ್ನು ಒಂದು ಉದಾಹರಣೆಯ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶ.

ಉದಾಹರಣೆಯು ಕಲ್ಪಿತವಾದದ್ದು, ಆದರೆ ಮುಂಬಯಿ ಉಪನಗರಗಳ ನಿವಾಸಿಗಳಿಗೆ ಅದರ ಚಿತ್ರ ಅಪರಿಚಿತವಲ್ಲ. ಪೂರ್ವ ಪಶ್ಚಿಮವಾಗಿ 3 ಕಿಲೋಮೀಟರ್, ಉತ್ತರ ದಕ್ಷಿಣವಾಗಿ 4 ಕಿಲೋಮೀಟರ್ ಇರುವ ಒಂದು ಪ್ರದೇಶ. ನಡುವೆ ಉತ್ತರ ದಕ್ಷಿಣವಾಗಿ ರೈಲು ಹಳಿ. ಹಳಿಯನ್ನು ದಾಟಲು ಉತ್ತರದಲ್ಲಿ ಒಂದು ಮೇಲ್ಸೇತುವೆ, ದಕ್ಷಿಣದಲ್ಲಿ ಒಂದು ಸಬ್‌ವೇ. ಶಾಲೆಯು ಪಶ್ಚಿಮ ಭಾಗದಲ್ಲಿ, ಸಬ್‌ವೇಯ ಸಮೀಪದಲ್ಲಿದೆ. ಬಸ್ಸಿಗೆ ಹೆಸರು ಕೊಟ್ಟ ಮಕ್ಕಳು 24. ಬೆಳಗಿನ ಗಂಟೆ ಬಾರಿಸುವುದು 7:30ಕ್ಕೆ.

ಮನೆಗಳಿಂದ ನಿಲುಗಡೆಗಳಿಗೆ

ಪಟ್ಟಿಯಲ್ಲಿರುವುದು ಮನೆಗಳು, ಬಸ್ಸಿಗೆ ಬೇಕಾದದ್ದು ನಿಲುಗಡೆಗಳು. ಒಂದೇ ಹೌಸಿಂಗ್ ಸೊಸೈಟಿಯ ಮಕ್ಕಳು ಒಂದೇ ಗೇಟಿನ ಬಳಿ ಹತ್ತಬಹುದು. ಪಕ್ಕದ ಕಟ್ಟಡದ ಮಗುವೂ ಅಲ್ಲಿಗೆ ನಡೆದು ಬರಬಹುದು. ಇಲ್ಲಿ ಎರಡು ನಿಯಮಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಮಗು ನಡೆಯುವ ದೂರ ಸುಮಾರು 300 ಮೀಟರನ್ನು ಮೀರಬಾರದು; ನಿಲುಗಡೆಗೆ ಬರಲು ಮಗು ಮುಖ್ಯರಸ್ತೆಯನ್ನು ದಾಟುವಂತಿರಬಾರದು. ನಮ್ಮಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಸಾಗುತ್ತವೆ, ಬಸ್ಸಿನ ಬಾಗಿಲೂ ಎಡಕ್ಕೇ ಇರುತ್ತದೆ. ಆದ್ದರಿಂದ ಬಸ್ಸು ಯಾವ ದಿಕ್ಕಿನಲ್ಲಿ ಬರುತ್ತದೆ ಎಂಬುದರ ಮೇಲೆ ಮಗು ಯಾವ ಬದಿಯಲ್ಲಿ ನಿಲ್ಲಬೇಕೆಂಬುದು ನಿರ್ಧಾರವಾಗುತ್ತದೆ. ಈ ಮಾತನ್ನು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಬರುತ್ತದೆ.

ಈ ನಿಯಮಗಳಂತೆ ಗುಂಪು ಮಾಡಿದಾಗ ನಮ್ಮ 24 ಮನೆಗಳು 12 ನಿಲುಗಡೆಗಳಾದುವು ಎಂದಿಟ್ಟುಕೊಳ್ಳೋಣ. ಒಂದೊಂದರಲ್ಲಿ ಇಬ್ಬರು ಮಕ್ಕಳು. ಪಶ್ಚಿಮದಲ್ಲಿ 6, ಪೂರ್ವದಲ್ಲಿ 6.

ವರ್ಗಮೂಲದ ಸೂತ್ರ

ಮಾರ್ಗವನ್ನು ಎಳೆಯುವುದಕ್ಕೆ ಮೊದಲೇ ಅದರ ಉದ್ದವನ್ನು ಹೇಳಬಹುದೇ? ಹೇಳಬಹುದು. ಈ ವಿಚಾರದ ಇತಿಹಾಸಕ್ಕೂ ಶಾಲಾ ಬಸ್ಸಿಗೂ ನಂಟಿದೆ. ಅಮೆರಿಕದ ಗಣಿತಜ್ಞ ಮೆರಿಲ್ ಫ್ಲಡ್ 1937ರಲ್ಲಿ ನ್ಯೂಜೆರ್ಸಿಯ ಶಾಲಾ ಬಸ್ಸುಗಳ ಮಾರ್ಗಗಳನ್ನು ಕುರಿತು ಅಧ್ಯಯನ ಮಾಡುತ್ತಿದ್ದಾಗಲೇ, ಹಲವು ಸ್ಥಳಗಳನ್ನು ಒಂದೊಂದು ಬಾರಿ ಮುಟ್ಟಿ ಹಿಂದಿರುಗುವ ಅತಿ ಚಿಕ್ಕ ಮಾರ್ಗ ಯಾವುದೆಂಬ ಪ್ರಸಿದ್ಧ ಸಮಸ್ಯೆಯಲ್ಲಿ ತೊಡಗಿದರು. ಅದೇ ಕಾಲದಲ್ಲಿ ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆಯನ್ನು ನಡೆಸುತ್ತಿದ್ದ ಪಿ. ಸಿ. ಮಹಾಲನೋಬಿಸ್ ಅವರಿಗೆ, ಸಮೀಕ್ಷಕರು ಹೊಲದಿಂದ ಹೊಲಕ್ಕೆ ಎಷ್ಟು ನಡೆಯಬೇಕಾದೀತು ಎಂಬ ಅಂದಾಜು ಬೇಕಾಗಿತ್ತು. ನಡೆಯುವ ದೂರವು ಹೊಲಗಳ ಸಂಖ್ಯೆಯಂತೆ ಬೆಳೆಯದೆ, ಸರಿಸುಮಾರು ಆ ಸಂಖ್ಯೆಯ ವರ್ಗಮೂಲದಂತೆ ಬೆಳೆಯುತ್ತದೆ ಎಂದು ಅವರು 1940ರ ತಮ್ಮ ಪ್ರಬಂಧದಲ್ಲಿ ತೋರಿಸಿದರು. 1959ರಲ್ಲಿ ಬಿಯರ್ಡ್‌ವುಡ್, ಹಾಲ್ಟನ್ ಮತ್ತು ಹ್ಯಾಮರ್ಸ್ಲಿ ಎಂಬ ಮೂವರು ಇದನ್ನು ಗಣಿತರೀತ್ಯಾ ಸಾಧಿಸಿದರು. ಸೂತ್ರ ಹೀಗಿದೆ:

```
L = k × √(n × A)
```

ಇಲ್ಲಿ L ಎಂದರೆ ಹೊರಟಲ್ಲಿಗೇ ಹಿಂದಿರುಗುವ ಮಾರ್ಗದ ಉದ್ದ, n ಎಂದರೆ ಮುಟ್ಟಬೇಕಾದ ಸ್ಥಳಗಳ ಸಂಖ್ಯೆ, A ಎಂದರೆ ಆ ಸ್ಥಳಗಳು ಹರಡಿರುವ ಪ್ರದೇಶದ ವಿಸ್ತೀರ್ಣ. k ಎಂಬ ಗುಣಕವು ಸ್ಥಳಗಳು ಅಸಂಖ್ಯವಾದಾಗ 0.71ರ ಸಮೀಪಕ್ಕೆ ಬರುತ್ತದೆ. ಆದರೆ ಪುಸ್ತಕದಲ್ಲಿನ ಈ ಸಂಖ್ಯೆಯನ್ನು ಒಂದು ಬಸ್ಸಿಗೆ ಹಾಗೆಯೇ ಹಚ್ಚಿದರೆ ಅಂದಾಜು ಕಡಿಮೆಯಾಗಿಬಿಡುತ್ತದೆ. ಸ್ಥಳಗಳು ಕಡಿಮೆ ಇದ್ದಾಗ ಅವುಗಳಲ್ಲಿ ಬಹುಪಾಲು ಅಂಚಿನಲ್ಲೇ ಇರುವುದರಿಂದ ಗುಣಕ ಹೆಚ್ಚಾಗಿರುತ್ತದೆ: ಹತ್ತು ಹನ್ನೆರಡು ಸ್ಥಳಗಳಿಗೆ ಸುಮಾರು 0.9, ಇಪ್ಪತ್ತು ಇಪ್ಪತ್ತೈದಕ್ಕೆ ಸುಮಾರು 0.85, ಐವತ್ತಕ್ಕೆ ಸುಮಾರು 0.8.

ನಮ್ಮ ಉದಾಹರಣೆಯಲ್ಲಿ 12 ನಿಲುಗಡೆಗಳು ಮತ್ತು ಶಾಲೆ ಸೇರಿ 13 ಸ್ಥಳಗಳು. ವಿಸ್ತೀರ್ಣ 12 ಚದರ ಕಿಲೋಮೀಟರ್. ಎರಡನ್ನೂ ಗುಣಿಸಿದರೆ 156. ಅದರ ವರ್ಗಮೂಲ 12.5, ಅದಕ್ಕೆ 0.9ರ ಗುಣಕ ಸೇರಿದರೆ 11.2 ಕಿಲೋಮೀಟರ್. ಇದು ಹಕ್ಕಿ ಹಾರುವ ದೂರ. ಬಸ್ಸು ರಸ್ತೆಯಲ್ಲಿ ತಿರುಗಿ ತಿರುಗಿ ಹೋಗಬೇಕು. ರಸ್ತೆಗಳು ಚದುರಂಗದ ಮಣೆಯಂತೆ ಒಂದನ್ನೊಂದು ಲಂಬವಾಗಿ ಕತ್ತರಿಸುವ ಊರಿನಲ್ಲಿ ಸರಾಸರಿ ದೂರವು ಹಕ್ಕಿಯ ದೂರದ 1.27ರಷ್ಟಾಗುತ್ತದೆ ಎಂಬುದು ಜ್ಯಾಮಿತಿಯ ಲೆಕ್ಕ. ನಾವು 1.3 ಎಂದು ಹಿಡಿದರೆ ಒಟ್ಟು 14.6 ಕಿಲೋಮೀಟರ್ ಆಯಿತು.

ಈ ಸೂತ್ರದ ನಿಜವಾದ ಪ್ರಯೋಜನ ಹೋಲಿಕೆಯಲ್ಲಿದೆ. ಪೋಷಕರ ಸಭೆಯಲ್ಲಿ ಯಾರಾದರೂ ಎದ್ದು, ಪ್ರತಿಯೊಂದು ಮನೆಯ ಬಾಗಿಲಿಗೂ ಬಸ್ಸು ಬರಲಿ ಎಂದು ಕೇಳಿದರೆ ಏನಾದೀತು? ಆಗ ಸ್ಥಳಗಳು 25. ಗುಣಕ 0.85 ಹಿಡಿದು ಇದೇ ಲೆಕ್ಕ ಮಾಡಿದರೆ ರಸ್ತೆಯ ದೂರ ಸುಮಾರು 19 ಕಿಲೋಮೀಟರ್ ಬರುತ್ತದೆ. ನಿಲುಗಡೆಗಳು ಇಮ್ಮಡಿಯಾದರೂ ದೂರ ಹೆಚ್ಚಾದದ್ದು ಮೂರರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಇದನ್ನು ಕಂಡು ಸಮಾಧಾನಪಟ್ಟುಕೊಳ್ಳುವಂತಿಲ್ಲ. ವೇಳೆಯ ಲೆಕ್ಕಕ್ಕೆ ಬಂದಾಗ ಚಿತ್ರ ಬದಲಾಗುವುದನ್ನು ಮುಂದೆ ನೋಡುತ್ತೇವೆ.

ಸೂತ್ರಕ್ಕೆ ಮಿತಿಗಳೂ ಇವೆ. ವಿಸ್ತೀರ್ಣವೆಂದರೆ ಉಪನಗರದ ವಿಸ್ತೀರ್ಣವಲ್ಲ, ಮನೆಗಳನ್ನು ಸುತ್ತುವರಿದ ಆವರಣದ ವಿಸ್ತೀರ್ಣ. ಮನೆಗಳೆಲ್ಲ ಎರಡು ಮೂರು ಕಡೆ ಗುಂಪಾಗಿದ್ದರೆ ಸೂತ್ರ ಹೆಚ್ಚು ಹೇಳುತ್ತದೆ. ಮನೆಗಳು ಒಂದು ಹೆದ್ದಾರಿಯುದ್ದಕ್ಕೂ ಕಿರಿದಾದ ಪಟ್ಟಿಯಾಗಿ ಹಬ್ಬಿದ್ದರೆ ಸೂತ್ರವನ್ನು ಬಿಟ್ಟು, ಪಟ್ಟಿಯ ಉದ್ದದ ಎರಡರಷ್ಟು ಎಂದು ಹಿಡಿಯುವುದೇ ಸರಿ. ಇನ್ನು ಹಳಿ, ನಾಲೆ, ಏಕಮುಖ ರಸ್ತೆಗಳ ವಿಷಯ ಸೂತ್ರಕ್ಕೆ ತಿಳಿಯದು.

ಮಾರ್ಗವನ್ನು ಎಳೆಯುವುದು

ಅಂದಾಜಿನ ನಂತರ ನಿಜವಾದ ಮಾರ್ಗವನ್ನು ನಕ್ಷೆಯ ಮೇಲೆ ಎಳೆಯಬೇಕು. ದಪ್ಪ ರಟ್ಟಿನ ಮೇಲೆ ನಕ್ಷೆಯನ್ನು ಅಂಟಿಸಿ, ನಿಲುಗಡೆಗಳಿಗೆ ಗುಂಡುಸೂಜಿ ಚುಚ್ಚಿ, ದಾರ ಸುತ್ತುವ ಹಳೆಯ ವಿಧಾನ ಇಂದಿಗೂ ಚೆನ್ನಾಗಿದೆ. ಮೊದಲು ಅಂಚಿನ ಸೂಜಿಗಳನ್ನು ಬಳಸಿ ದಾರದ ಒಂದು ಸುತ್ತು ಹಾಕಬೇಕು. ಅನಂತರ ಒಳಗಿನ ಸೂಜಿಗಳನ್ನು ಒಂದೊಂದಾಗಿ, ದಾರ ಎಲ್ಲಿ ಅತಿ ಕಡಿಮೆ ಬಾಗುತ್ತದೆಯೋ ಅಲ್ಲಿ ಸೇರಿಸಿಕೊಳ್ಳಬೇಕು. ಕೊನೆಯಲ್ಲಿ ದಾರವು ತನ್ನನ್ನೇ ಎಲ್ಲಿಯಾದರೂ ಅಡ್ಡ ಹಾಯುತ್ತಿದೆಯೇ ಎಂದು ನೋಡಬೇಕು. ಹಾಯುತ್ತಿದ್ದರೆ ಆ ಗಂಟನ್ನು ಬಿಡಿಸಿದಾಗ ಮಾರ್ಗವು ಬಹುಮಟ್ಟಿಗೆ ಚಿಕ್ಕದಾಗುತ್ತದೆ. ಇಷ್ಟು ನಿಲುಗಡೆಗಳಿಗೆ ಈ ಕೈಕೆಲಸ ಸಾಕು. ಫೋನಿನಲ್ಲಿರುವ ಸಾಮಾನ್ಯ ನಕ್ಷೆಯೂ ದೂರವನ್ನು ಅಳೆದು ಕೊಡುತ್ತದೆ. ಆದರೆ ನಾವು ಕೊಟ್ಟ ಅನುಕ್ರಮದಲ್ಲೇ ಅಳೆಯುತ್ತದೆ. ಅದು ಹೇಳುವ ವೇಳೆಯೂ ಕಾರಿನದು, ನಿಂತು ನಿಂತು ಹೋಗುವ ಬಸ್ಸಿನದಲ್ಲ.

ನಮ್ಮ ಉದಾಹರಣೆಯಲ್ಲಿ ಬಸ್ಸು ಶಾಲೆಯಿಂದ ಖಾಲಿಯಾಗಿ ಹೊರಟು, ಪಶ್ಚಿಮ ಭಾಗದಲ್ಲಿ ಉತ್ತರಕ್ಕೆ ಏರಿ, ಮೇಲ್ಸೇತುವೆಯಿಂದ ಹಳಿ ದಾಟಿ, ಪೂರ್ವ ಭಾಗದಲ್ಲಿ ದಕ್ಷಿಣಕ್ಕಿಳಿದು, ಸಬ್‌ವೇಯ ಮೂಲಕ ಶಾಲೆಗೆ ಬರುವ ಸುತ್ತು ಸಹಜವಾಗಿ ಒದಗಿತು. ಪ್ರತಿ ನಿಲುಗಡೆಯ ನಡುವಣ ರಸ್ತೆಯ ದೂರಗಳನ್ನು ಕೂಡಿದಾಗ 15.6 ಕಿಲೋಮೀಟರ್ ಬಂತು. ಸೂತ್ರ ಹೇಳಿದ್ದು 14.6, ವ್ಯತ್ಯಾಸ ಒಂದು ಕಿಲೋಮೀಟರ್. ಕೈಯಲ್ಲಿ ಎಳೆದ ಮಾರ್ಗವು ಅಂದಾಜಿಗಿಂತ ಶೇಕಡಾ 10ರ ಒಳಗೆ ಇದ್ದರೆ ತೃಪ್ತಿಪಡಬಹುದು. ಶೇಕಡಾ 25ಕ್ಕಿಂತ ಹೆಚ್ಚಿದ್ದರೆ, ಒಂದೋ ಅನುಕ್ರಮ ತಪ್ಪಿದೆ, ಇಲ್ಲವೇ ನಡುವೆ ಹಳಿಯಂಥ ಅಡ್ಡಿ ಇದೆ ಎಂದು ತಿಳಿಯಬೇಕು.

ದೂರದಿಂದ ವೇಳೆಗೆ

ವೇಳೆಯಲ್ಲಿ ಎರಡು ಭಾಗಗಳಿವೆ: ಚಲಿಸುವ ವೇಳೆ ಮತ್ತು ನಿಲ್ಲುವ ವೇಳೆ. ಇವೆರಡನ್ನು ಬೆರೆಸಿ ಸರಾಸರಿ ವೇಗ ಎಂದು ಹೇಳುವುದರಿಂದಲೇ ಬಹುಪಾಲು ವೇಳಾಪಟ್ಟಿಗಳು ಕೆಡುತ್ತವೆ.

ಚಲಿಸುವ ವೇಗವನ್ನು ಶಾಲೆ ನಡೆಯುತ್ತಿರುವ ದಿನದಲ್ಲಿ, ಅದೇ ಹೊತ್ತಿನಲ್ಲಿ, ಆ ರಸ್ತೆಯಲ್ಲೇ ಅಳೆಯಬೇಕು. ರಜೆಯ ಮೇ ತಿಂಗಳಿನ ಖಾಲಿ ರಸ್ತೆಯಲ್ಲಿ ಅಳೆದದ್ದು ಜೂನ್ ತಿಂಗಳಿಗೆ ಆಗಿಬರುವುದಿಲ್ಲ. ಇಲ್ಲಿ ಗಂಟೆಗೆ 20 ಕಿಲೋಮೀಟರ್, ಎಂದರೆ ಕಿಲೋಮೀಟರಿಗೆ 3 ನಿಮಿಷ ಎಂದು ಹಿಡಿಯೋಣ.

ನಿಲ್ಲುವ ವೇಳೆಯಲ್ಲಿಯೂ ಎರಡು ಪಾಲು. ವೇಗ ತಗ್ಗಿಸಿ ಬದಿಗೆ ಸರಿದು, ಬಾಗಿಲು ತೆರೆದು ಮುಚ್ಚಿ, ಮತ್ತೆ ವಾಹನಗಳ ಸಾಲಿಗೆ ಸೇರಿಕೊಳ್ಳಲು ಸುಮಾರು 45 ಸೆಕೆಂಡು. ಇದು ಒಂದು ಮಗುವಿದ್ದರೂ ನಾಲ್ಕಿದ್ದರೂ ಅಷ್ಟೇ. ಇದರ ಮೇಲೆ, ಚೀಲ ಹೊತ್ತ ಪುಟ್ಟ ಮಗು ಮೆಟ್ಟಿಲು ಹತ್ತಿ ಕುಳಿತುಕೊಳ್ಳಲು ತಲಾ 15 ಸೆಕೆಂಡು. ಇಬ್ಬರು ಮಕ್ಕಳ ನಿಲುಗಡೆಗೆ ಒಂದೂಕಾಲು ನಿಮಿಷ. 12ಕ್ಕೆ 15 ನಿಮಿಷ. ತಮ್ಮ ಬಸ್ಸಿನಲ್ಲಿ ಎರಡು ದಿನ ಕೈಗಡಿಯಾರ ಹಿಡಿದು ಕುಳಿತರೆ ಈ ಅಂಕಿಗಳನ್ನು ಯಾರಾದರೂ ತಿದ್ದಿಕೊಳ್ಳಬಹುದು.

ಮೊದಲ ನಿಲುಗಡೆಯ ಮಗು ಬಸ್ಸಿನಲ್ಲಿ ಸಾಗುವ ದೂರ 14.6 ಕಿಲೋಮೀಟರ್ (ಶಾಲೆಯಿಂದ ಅಲ್ಲಿಯವರೆಗಿನ ಖಾಲಿ ಓಟ 1 ಕಿಲೋಮೀಟರ್ ಕಳೆದು). ಚಲಿಸಲು 44 ನಿಮಿಷ, ನಿಲ್ಲಲು 15. ಒಟ್ಟು 59 ನಿಮಿಷ.

ಈಗ ಬಾಗಿಲ ಬಾಗಿಲಿಗೂ ಬಸ್ಸು ಎಂಬ ಕೋರಿಕೆಯನ್ನು ಮತ್ತೆ ನೋಡೋಣ. ದೂರ ಸುಮಾರು ನಾಲ್ಕೂವರೆ ಕಿಲೋಮೀಟರ್ ಹೆಚ್ಚಾಗುವುದರಿಂದ 13 ರಿಂದ 14 ನಿಮಿಷ. ನಿಲುಗಡೆಗಳು 24 ಆಗಿ, ತಲಾ ಒಂದು ನಿಮಿಷದಂತೆ ನಿಲ್ಲುವ ವೇಳೆ 15ರಿಂದ 24 ನಿಮಿಷಕ್ಕೇರುತ್ತದೆ. ಹೀಗೆ ಮೊದಲ ಮಗುವಿನ ಪ್ರಯಾಣಕ್ಕೆ ಇಪ್ಪತ್ತು ನಿಮಿಷಗಳಿಗಿಂತ ಹೆಚ್ಚು ಸೇರಿಕೊಳ್ಳುತ್ತದೆ. ಡೀಸೆಲ್ ಖರ್ಚಿನಲ್ಲಿ ಚಿಕ್ಕದಾಗಿ ಕಂಡ ಕೋರಿಕೆಗೆ ಬೆಲೆ ತೆರುವುದು ಮಗುವಿನ ನಿದ್ದೆ.

ವೇಳಾಪಟ್ಟಿ: ಹಿಂದಿನಿಂದ ಮುಂದಕ್ಕೆ

ವೇಳಾಪಟ್ಟಿಯನ್ನು ಶಾಲೆಯ ಗಂಟೆಯಿಂದ ಆರಂಭಿಸಿ ಹಿಮ್ಮುಖವಾಗಿ ಬರೆಯಬೇಕು. ಗಂಟೆ 7:30ಕ್ಕೆ. ಅದಕ್ಕಿಂತ ಎಷ್ಟು ಮೊದಲು ಬಸ್ಸು ಮುಟ್ಟುವಂತೆ ಬರೆಯಬೇಕು? ವಾಹನ ದಟ್ಟಣೆಯ ದಿನ ವೇಗವು ಗಂಟೆಗೆ 15 ಕಿಲೋಮೀಟರಿಗೆ ಇಳಿದರೆ ಪ್ರತಿ ಕಿಲೋಮೀಟರಿಗೆ ಒಂದು ನಿಮಿಷ ಹೆಚ್ಚು, 14.6 ಕಿಲೋಮೀಟರಿಗೆ ಸುಮಾರು 15 ನಿಮಿಷ. ಹೀಗೆ ಸಾಮಾನ್ಯ ದಿನದಲ್ಲಿ 7:15ಕ್ಕೆ ಮುಟ್ಟುವಂತೆ ಬರೆದರೆ ಕೆಟ್ಟ ದಿನದಲ್ಲಿಯೂ ಗಂಟೆಯ ಹೊತ್ತಿಗೆ ಮುಟ್ಟುತ್ತದೆ. ಐದು ನಿಮಿಷ ಕೂಡಿಸಿ ಬಿಡೋಣ ಎನ್ನುವ ರೂಢಿಯ ಬದಲು ಹೀಗೆ ಲೆಕ್ಕ ಹಾಕಿ ಬಿಡುವನ್ನು ಇಡಬೇಕು. ದಟ್ಟಣೆಯ ದಿನ ಎಲ್ಲ ರಸ್ತೆಗಳೂ ಒಟ್ಟಿಗೆ ನಿಧಾನವಾಗುತ್ತವೆಯಾದ್ದರಿಂದ, ಒಂದು ಕಡೆ ಕಳೆದ ವೇಳೆಯನ್ನು ಇನ್ನೊಂದು ಕಡೆ ಗಳಿಸಬಹುದೆಂಬ ಭರವಸೆ ನಡೆಯುವುದಿಲ್ಲ.

ಬಸ್ಸು ಪ್ರತಿ ನಿಲುಗಡೆಗೆ ಬರುವ ವೇಳೆ, ಹಿಂದಿನ ಸ್ಥಳದಿಂದ ಅಲ್ಲಿಗಿರುವ ದೂರದೊಂದಿಗೆ, ಹೀಗಾಗುತ್ತದೆ:

ನಿಲುಗಡೆ 1 – 1.0 ಕಿ.ಮೀ. – 6:16
ನಿಲುಗಡೆ 2 – 1.1 ಕಿ.ಮೀ. – 6:20
ನಿಲುಗಡೆ 3 – 1.0 ಕಿ.ಮೀ. – 6:25
ನಿಲುಗಡೆ 4 – 1.2 ಕಿ.ಮೀ. – 6:29
ನಿಲುಗಡೆ 5 – 1.2 ಕಿ.ಮೀ. – 6:34
ನಿಲುಗಡೆ 6 – 1.2 ಕಿ.ಮೀ. – 6:39
ನಿಲುಗಡೆ 7 (ಮೇಲ್ಸೇತುವೆಯ ಆಚೆ) – 1.2 ಕಿ.ಮೀ. – 6:44
ನಿಲುಗಡೆ 8 – 1.2 ಕಿ.ಮೀ. – 6:49
ನಿಲುಗಡೆ 9 – 1.2 ಕಿ.ಮೀ. – 6:54
ನಿಲುಗಡೆ 10 – 1.4 ಕಿ.ಮೀ. – 6:59
ನಿಲುಗಡೆ 11 – 1.1 ಕಿ.ಮೀ. – 7:04
ನಿಲುಗಡೆ 12 – 1.1 ಕಿ.ಮೀ. – 7:08
ಶಾಲೆ (ಸಬ್‌ವೇ ದಾಟಿ) – 1.7 ಕಿ.ಮೀ. – 7:15

ಪಟ್ಟಿಯಲ್ಲಿ ಸೆಕೆಂಡುಗಳನ್ನು ಬಿಟ್ಟು ಹಿಂದಿನ ನಿಮಿಷವನ್ನು ಬರೆಯಲಾಗಿದೆ; ಮಗು ಒಂದು ನಿಮಿಷ ಕಾಯುವುದು ಬಸ್ಸು ತಪ್ಪುವುದಕ್ಕಿಂತ ಮೇಲು. ಚಾಲಕನಿಗೆ ಹೇಳಬೇಕಾದ ಮುಖ್ಯ ನಿಯಮವೆಂದರೆ, ಬೇಗ ಬಂದರೂ ಬರೆದ ವೇಳೆಗೆ ಮೊದಲು ಹೊರಡಬಾರದು. ಪೋಷಕರಿಗೆ ಹೇಳಬೇಕಾದದ್ದು ಇನ್ನೊಂದಿದೆ. ವಿಳಂಬವು ದಾರಿಯುದ್ದಕ್ಕೂ ಕೂಡುತ್ತಾ ಹೋಗುತ್ತದೆ. ದಟ್ಟಣೆಯ ದಿನ 2ನೆಯ ನಿಲುಗಡೆಗೆ ಬಸ್ಸು ಒಂದು ನಿಮಿಷ ತಡವಾದರೆ, 6ನೆಯದಕ್ಕೆ ಆರು ನಿಮಿಷ, 12ನೆಯದಕ್ಕೆ ಹದಿಮೂರು ನಿಮಿಷ ತಡವಾಗುತ್ತದೆ. ಆದ್ದರಿಂದ 12ನೆಯ ನಿಲುಗಡೆಯ ತಾಯಂದಿರಿಗೆ 7:08 ಎಂದಷ್ಟೇ ಹೇಳದೆ, 7:08ರಿಂದ 7:22ರೊಳಗೆ ಎಂದು ಹೇಳುವುದು ಪ್ರಾಮಾಣಿಕತೆ.

ಬಾರದ ಮಗುವಿಗಾಗಿ ಎಷ್ಟು ಕಾಯಬೇಕೆಂಬುದನ್ನೂ ಮೊದಲೇ ಗೊತ್ತುಮಾಡಬೇಕು. 9ನೆಯ ನಿಲುಗಡೆಯಲ್ಲಿ ಎರಡು ನಿಮಿಷ ಕಾದರೆ, ಆಗಲೇ ಒಳಗೆ ಕುಳಿತಿರುವ 16 ಮಕ್ಕಳ ಎರಡೆರಡು ನಿಮಿಷ, ಒಟ್ಟು 32 ನಿಮಿಷ, ವ್ಯಯವಾಗುತ್ತದೆ. ಮುಂದಿನ ಗೇಟುಗಳಲ್ಲಿ ನಿಂತವರ ಲೆಕ್ಕ ಬೇರೆ. ಒಂದು ನಿಮಿಷದ ಮಿತಿ ಇಟ್ಟು ಅದನ್ನು ಎಲ್ಲರಿಗೂ ಸಮನಾಗಿ ಪಾಲಿಸುವುದು ಉಚಿತ.

ಮೊದಲ ಮಗುವಿಗೆ ನ್ಯಾಯ

ಪಟ್ಟಿಯನ್ನು ಮತ್ತೊಮ್ಮೆ ನೋಡಿದರೆ ಒಂದು ವೈಚಿತ್ರ್ಯ ಕಾಣುತ್ತದೆ. ಶಾಲೆಯಿಂದ ಕೇವಲ ಒಂದು ಕಿಲೋಮೀಟರ್ ದೂರದಲ್ಲಿರುವ ಮಗು ಎಲ್ಲರಿಗಿಂತ ಮೊದಲು ಏಳುತ್ತದೆ, ಊರೆಲ್ಲ ಸುತ್ತಿ 59 ನಿಮಿಷಗಳ ನಂತರ ಶಾಲೆ ಸೇರುತ್ತದೆ. 12ನೆಯ ನಿಲುಗಡೆಯ ಮಗು 6 ನಿಮಿಷ ಮಾತ್ರ ಬಸ್ಸಿನಲ್ಲಿರುತ್ತದೆ. ಸುತ್ತು ಮಾರ್ಗದಲ್ಲಿ ಇದು ಅನಿವಾರ್ಯ. ಇದಕ್ಕೆ ಪರಿಹಾರ ಬೆಳಗಿನ ಪಟ್ಟಿಯಲ್ಲಿಲ್ಲ, ಶಾಲೆ ಬಿಟ್ಟ ಮೇಲಿನ ಪಟ್ಟಿಯಲ್ಲಿದೆ.

ಮರಳುವಾಗ ಬಸ್ಸು ಅದೇ ಮಾರ್ಗದಲ್ಲಿ ಹಿಮ್ಮುಖವಾಗಿ ಹೋಗಬೇಕೆಂದು ಬಹಳಷ್ಟು ಜನ ಯೋಚಿಸದೆ ಭಾವಿಸುತ್ತಾರೆ. ಹಾಗೆ ಹೋದರೆ 1ನೆಯ ನಿಲುಗಡೆಯ ಮಗು ಕೊನೆಯಲ್ಲಿ ಇಳಿಯುತ್ತದೆ: ಬೆಳಿಗ್ಗೆ 59 ನಿಮಿಷ, ಮರಳುವಾಗ ಮತ್ತೆ 59, ದಿನಕ್ಕೆ ಸುಮಾರು ಎರಡು ಗಂಟೆ. 12ನೆಯ ನಿಲುಗಡೆಯ ಮಗುವಿಗೆ ದಿನಕ್ಕೆ 13 ನಿಮಿಷ. ಬದಲಾಗಿ, ಮರಳುವಾಗಲೂ ಬಸ್ಸು ಬೆಳಗಿನ ದಿಕ್ಕಿನಲ್ಲೇ, 1ರಿಂದ 12ರವರೆಗೆ, ಹೋದರೆ ಮೊದಲು ಹತ್ತಿದ ಮಗು ಮೊದಲು ಇಳಿಯುತ್ತದೆ. ಬೆಳಿಗ್ಗೆ ಮಗು ಸಾಗುವುದು ಮನೆಯಿಂದ ಶಾಲೆಯವರೆಗಿನ ಉಳಿದ ಸುತ್ತು. ಮರಳುವಾಗ ಸಾಗುವುದು ಶಾಲೆಯಿಂದ ಮನೆಯವರೆಗಿನ ಸುತ್ತು. ಎರಡನ್ನೂ ಕೂಡಿದರೆ ಪ್ರತಿಯೊಬ್ಬರಿಗೂ ಒಂದು ಪೂರ್ಣ ಸುತ್ತು. ಇದೇ ವೇಗ ಹಿಡಿದರೆ ಎಲ್ಲ 24 ಮಕ್ಕಳಿಗೂ ದಿನಕ್ಕೆ 62, 63 ನಿಮಿಷಗಳಾಗುತ್ತವೆ. ಒಂದು ಲೀಟರ್ ಡೀಸೆಲ್ ಕೂಡ ಹೆಚ್ಚು ಖರ್ಚಾಗುವುದಿಲ್ಲ. ಅಲ್ಲದೆ ದಿಕ್ಕು ಒಂದೇ ಆಗಿರುವುದರಿಂದ ಮಗು ಹತ್ತಿದ ಬದಿಯಲ್ಲೇ ಇಳಿಯುತ್ತದೆ, ರಸ್ತೆ ದಾಟಬೇಕಾಗುವುದಿಲ್ಲ. ಆರಂಭದಲ್ಲಿ ನೆನಪಿಡಲು ಹೇಳಿದ ಎಡಬದಿಯ ಮಾತು ಇಲ್ಲಿ ಫಲ ಕೊಡುತ್ತದೆ.

59 ನಿಮಿಷವೇ ಸಹಿಸಲಾರದಷ್ಟು ಎನಿಸಿದರೆ ಎರಡು ಚಿಕ್ಕ ವಾಹನಗಳನ್ನು ಯೋಚಿಸಬಹುದು: ಒಂದು ಪಶ್ಚಿಮಕ್ಕೆ, ಒಂದು ಪೂರ್ವಕ್ಕೆ. ಇದೇ ದೂರಗಳನ್ನು ಬಳಸಿ ಲೆಕ್ಕ ಹಾಕಿದರೆ ಎರಡೂ ಸೇರಿ 21.4 ಕಿಲೋಮೀಟರ್ ಓಡಬೇಕು; ಅತಿ ದೀರ್ಘ ಪ್ರಯಾಣ 38 ನಿಮಿಷಕ್ಕಿಳಿಯುತ್ತದೆ. ಸುಮಾರು 6 ಕಿಲೋಮೀಟರ್ ಮತ್ತು ಇನ್ನೊಬ್ಬ ಚಾಲಕನ ಸಂಬಳ ಒಂದು ಕಡೆ, ಬೆಳಗಿನ 21 ನಿಮಿಷ ಇನ್ನೊಂದು ಕಡೆ. ಎರಡನ್ನೂ ತೂಗಿ ನೋಡುವುದು ಪೋಷಕರ ಸಭೆಗೆ ಬಿಟ್ಟದ್ದು. ಆದರೆ ಸಭೆಯ ಮುಂದೆ ಈ ಎರಡು ಅಂಕಿಗಳೂ ಇರಬೇಕು.

ಮಳೆಗಾಲದ ಪಟ್ಟಿ

ಈ ಇಡೀ ಮಾರ್ಗ ಸಬ್‌ವೇಯನ್ನು ನಂಬಿಕೊಂಡಿದೆ. ಮೊದಲು ಅದರ ಎತ್ತರದಲ್ಲಿ ಬಸ್ಸು ನುಗ್ಗುತ್ತದೆಯೇ ಎಂದು ಅಳೆದು ನೋಡಬೇಕು. ಕಾರಿನಲ್ಲಿ ಹೋಗಿ ಮಾರ್ಗ ಪರೀಕ್ಷಿಸಿದವರಿಗೆ ಈ ತಪ್ಪು ಗೊತ್ತಾಗುವುದಿಲ್ಲ. ಎರಡನೆಯದಾಗಿ, ಮುಂಬಯಿಯ ತಗ್ಗಿನ ಸಬ್‌ವೇಗಳು ದೊಡ್ಡ ಮಳೆಗೆ ನೀರು ತುಂಬಿ ಮುಚ್ಚುವುದು ನಾವೆಲ್ಲ ಕಂಡದ್ದೇ. ಆ ದಿನ 12ನೆಯ ನಿಲುಗಡೆಯಲ್ಲಿ ನಿಂತ ಬಸ್ಸು ಮತ್ತೆ ಉತ್ತರದ ಮೇಲ್ಸೇತುವೆಗೆ ಹೋಗಿ ಬರಬೇಕು. 1.7 ಕಿಲೋಮೀಟರಿನ ಬದಲು 7.5, ವೇಗ ಕುಗ್ಗದಿದ್ದರೂ 17 ನಿಮಿಷ ತಡ. ಮೊದಲ ಮಗುವಿಗೆ 76 ನಿಮಿಷಗಳ ಪ್ರಯಾಣ, ಶಾಲೆ ಸೇರುವುದು 7:32ಕ್ಕೆ, ಗಂಟೆ ಬಾರಿಸಿದ ಮೇಲೆ.

ಇಂಥ ದಿನಕ್ಕೆ ಅನುಕ್ರಮವನ್ನೇ ಬದಲಿಸಬೇಕು. ಬಸ್ಸು ಖಾಲಿಯಾಗಿ ನೇರ ಮೇಲ್ಸೇತುವೆ ದಾಟಿ, ಪೂರ್ವದ ನಿಲುಗಡೆಗಳನ್ನು 7, 8, 10, 12, 11, 9 ಎಂಬ ಕ್ರಮದಲ್ಲಿ ಸುತ್ತಿ, ಮತ್ತೆ ಸೇತುವೆ ದಾಟಿ, ಪಶ್ಚಿಮದಲ್ಲಿ 6ರಿಂದ 1ರವರೆಗೆ ಇಳಿದು ಶಾಲೆಗೆ ಬಂದರೆ ಒಟ್ಟು 19.6 ಕಿಲೋಮೀಟರ್ ಆಗುತ್ತದೆ. ಅದರಲ್ಲಿ 4.1 ಕಿಲೋಮೀಟರ್ ಖಾಲಿ ಓಟ. ಅತಿ ದೀರ್ಘ ಪ್ರಯಾಣ 62 ನಿಮಿಷ. ಒಣ ದಿನಕ್ಕಿಂತ ಮೂರೇ ನಿಮಿಷ ಹೆಚ್ಚು. ಆದರೆ 7ನೆಯ ನಿಲುಗಡೆಯ ಮಗು 6:44ರ ಬದಲು 6:13ಕ್ಕೇ ಸಿದ್ಧವಾಗಿರಬೇಕು. ಪಶ್ಚಿಮದ ನಿಲುಗಡೆಗಳಲ್ಲಿ ದಿಕ್ಕು ತಿರುಗುವುದರಿಂದ ಮಕ್ಕಳು ಎದುರು ಬದಿಯಲ್ಲಿ ನಿಲ್ಲಬೇಕು. ಅಂದು ಅವರನ್ನು ರಸ್ತೆ ದಾಟಿಸಲು ಹಿರಿಯರೊಬ್ಬರು ಜೊತೆಗಿರಬೇಕು. ಇವೆಲ್ಲವನ್ನೂ ಮಳೆಯ ಮುಂಜಾನೆ ಫೋನಿನಲ್ಲಿ ತಿಳಿಸುವುದು ಅಸಾಧ್ಯ. ಆದ್ದರಿಂದ ಎರಡನೆಯ ಪಟ್ಟಿಯನ್ನು ಮೇ ತಿಂಗಳಲ್ಲೇ ಅಚ್ಚುಹಾಕಿಸಿ ಮನೆಮನೆಗೆ ಕೊಟ್ಟಿರಬೇಕು. ಹಿಂದಿನ ರಾತ್ರಿ ಇಂತಿಷ್ಟು ಗಂಟೆಗೆ ಯಾರು ಈ ಪಟ್ಟಿ ಜಾರಿ ಎಂದು ತಿಳಿಸುತ್ತಾರೆ ಎಂಬುದೂ ಅದರಲ್ಲೇ ಇರಬೇಕು.

ಎರಡು ವಾರಗಳ ನಂತರ

ಅಂದಾಜು ಅಂದಾಜೇ. ಶಾಲೆ ಆರಂಭವಾದ ಮೊದಲ ಎರಡು ವಾರ ಬಸ್ಸಿನ ಸಹಾಯಕಿಯು ಮೂರು ಕಡೆ ಮಾತ್ರ, 1, 6 ಮತ್ತು 12ನೆಯ ನಿಲುಗಡೆಗಳಲ್ಲಿ, ಬಾಗಿಲು ಮುಚ್ಚಿದ ವೇಳೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಮೊದಲ ನಿಲುಗಡೆಯಲ್ಲೇ ತಡವಾಗುತ್ತಿದ್ದರೆ ದೋಷ ಮಾರ್ಗದ್ದಲ್ಲ, ಬಸ್ಸು ಹೊರಡುವ ಜಾಗದ್ದು. ತಡವು 6ಕ್ಕೂ 12ಕ್ಕೂ ದೂರಕ್ಕೆ ತಕ್ಕಂತೆ ಸಮನಾಗಿ ಬೆಳೆಯುತ್ತಿದ್ದರೆ ನಾವು ಹಿಡಿದ ವೇಗ ಹೆಚ್ಚಾಯಿತು. 6ರವರೆಗೆ ಸರಿಯಿದ್ದು ಅನಂತರ ಒಮ್ಮೆಲೇ ಜಿಗಿದರೆ ಮೇಲ್ಸೇತುವೆಯ ಬಾಯಲ್ಲಿ ಅಥವಾ ಆಚೆಯ ಒಂದು ಗೇಟಿನಲ್ಲಿ ವೇಳೆ ಸೋರುತ್ತಿದೆ. ಕಾರಣ ತಿಳಿದ ಮೇಲೆ ಪಟ್ಟಿಯನ್ನು ಒಂದೇ ಸಲ ತಿದ್ದಿ, ಹೊಸ ದಿನಾಂಕ ಹಾಕಿ, ಹಳೆಯದನ್ನು ಹಿಂದಕ್ಕೆ ಪಡೆಯಬೇಕು. ಒಂದು ಗೇಟಿನಲ್ಲಿ ಹಳೆಯ ಪಟ್ಟಿ, ಇನ್ನೊಂದರಲ್ಲಿ ಹೊಸದು ಉಳಿದರೆ ಬಸ್ಸು ತಪ್ಪಿದ ಮಗು ಗೇಟಿನಲ್ಲೇ ನಿಂತಿರುತ್ತದೆ.